ಸಹಾಯ ಬೇಕು: 2017ರ ಸ್ವಿಫ್ಟ್‌ಗೆ ಎಷ್ಟು ಕೇಳಲಿ?

ನಮಸ್ಕಾರ. ಹುಬ್ಬಳ್ಳಿಯಲ್ಲಿ 2017ರ ಪೆಟ್ರೋಲ್ ಸ್ವಿಫ್ಟ್ ನೋಡಿದೀನಿ. ಎರಡನೇ ಓನರ್, 68,000 ಕಿ.ಮೀ. ಓಡಿದೆ. ಮಾಲೀಕರು 4.60 ಲಕ್ಷ ಅಂತಿದಾರೆ.

ಆನ್‌ಲೈನಲ್ಲಿ ಇದೇ ವರ್ಷದ, ಇದೇ ಮಾಡೆಲಿನ ಆರು ಗಾಡಿ ಸಿಕ್ಕವು, 4.20ರಿಂದ 4.75ರವರೆಗೆ. ಆದರೆ ಅದು ಕೇಳೋ ರೇಟು, ಮಾರಿದ ರೇಟಲ್ಲ. 4.75ರದ್ದು ಒಂದೂವರೆ ತಿಂಗಳಿಂದ ಹಾಗೇ ಬಿದ್ದಿದೆ. 4.30ರದ್ದು ನಾಲ್ಕೇ ದಿನಕ್ಕೆ ಹೋಯ್ತು. ಹಾಗಾಗಿ ಕೆಲಸವಿಲ್ಲದ ಗಾಡಿಗೆ ಇಲ್ಲಿ 4.30 ಅಂತ ಹಿಡಿದೆ.

ಈ ಗಾಡಿಯ ಟೈರ್ ಮೇಲೆ 1419 ಅಂತಿದೆ, ಅಂದ್ರೆ 2019ರ 14ನೇ ವಾರದ್ದು. ಗ್ರಿಪ್ ಇದೆ, ಆದರೆ ಪಕ್ಕದ ರಬ್ಬರ್ ಸಣ್ಣಗೆ ಬಿರುಕು ಬಿಟ್ಟಿದೆ. ನಾಲ್ಕಕ್ಕೆ ಅಂಗಡಿಯವರು 18,000 ಹೇಳಿದ್ರು. ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದ ಮೇಲೇ ಗಾಡಿ ಎಳೆಯುತ್ತೆ. ನಮ್ಮ ಮೆಕ್ಯಾನಿಕ್ ಲೆಕ್ಕದಲ್ಲಿ 9,000. ಇನ್ಶೂರೆನ್ಸ್ ಬೇರೆ ಮುಗಿದಿದೆ, ಅದಕ್ಕೆ 10,000. ಎಲ್ಲ ಕಳೆದರೆ 3.93.

3.85ಕ್ಕೆ ಶುರು ಮಾಡಿ 4.05ಕ್ಕೆ ನಿಲ್ಲಿಸೋಣ ಅಂತಿದೀನಿ. ಹಳೇ ಗಾಡಿಗೆ ಹೊಸ ಟೈರಿನ ಪೂರ್ತಿ ದುಡ್ಡು ಕಳೆಯೋದು ನ್ಯಾಯವಾ, ಇಲ್ಲ ಅರ್ಧ ಸಾಕಾ? ಆ 4.30ರದ್ದು ಫಸ್ಟ್ ಓನರ್ ಗಾಡಿ. ಎರಡನೇ ಓನರ್ ಅಂತ ನಮ್ಮ ಕಡೆ ಎಷ್ಟು ಇಳಿಸ್ತಾರೆ? ಇತ್ತೀಚೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ತಗೊಂಡವರು ಕೈಗೆ ಕೊಟ್ಟ ರೇಟು ಹೇಳಿ. ಭಾನುವಾರ ಮಾತಾಡೋಕೆ ಹೋಗ್ತಿದೀನಿ.