ಗುರುವಾರವೇ ಅಂಗಡಿ ನೋಡಲು ಬರುತ್ತಾರಂತೆ, ದಿನ ಬದಲಿಸಬಹುದಾ?

ಇಳಕಲ್, ಸೀರೆ ಅಂಗಡಿ: ಅಂಗಡಿ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಗುರುವಾರ ಬ್ಯಾಂಕಿನ ಕಡೆಯವರು ವೆರಿಫಿಕೇಶನ್‌ಗೆ ಬರುತ್ತಾರೆ. ಅವತ್ತೇ ನಾನು ಸೊಲ್ಲಾಪುರಕ್ಕೆ ಹೋಗಬೇಕು. ಅಂಗಡಿಯಲ್ಲಿ ಕೆಲಸದ ಹುಡುಗ ಮಾತ್ರ ಇರುತ್ತಾನೆ. ದಿನ ಬದಲಿಸಿ ಅಂದರೆ ಸಾಲ ಕೈತಪ್ಪುತ್ತಾ?

ವಿಜಯಪುರ, ಮೊಬೈಲ್ ಅಂಗಡಿ: ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿಗೆ ಬಂದವರು ಬೋರ್ಡಿನ ಫೋಟೊ ತೆಗೆದರು, ಪಕ್ಕದ ಚಹಾದಂಗಡಿಯಲ್ಲಿ ಎರಡು ಮಾತು ಕೇಳಿದರು, ಹೋದರು. ಹುಡುಗ ಇದ್ದರೆ ಸಾಕು.

ಬೆಳಗಾವಿ, ಹಿಂದೆ ಇದೇ ಕೆಲಸ ಮಾಡಿದವನು: ಫೋಟೊ, ಅಕ್ಕಪಕ್ಕದ ವಿಚಾರಣೆ ನಿಜ. ಹುಡುಗ ಸಾಕು ಅನ್ನುವುದು ಮಾತ್ರ ಸರಿಯಲ್ಲ. ದಿನದ ವ್ಯಾಪಾರ ಎಷ್ಟು, ಬಾಡಿಗೆ ಎಷ್ಟು, ಒಳಗೆ ಮಾಲು ಎಷ್ಟಿದೆ ಅಂತ ಕೇಳುತ್ತಿದ್ದೆವು. ಹುಡುಗ ಅಂದಾಜಿನಲ್ಲಿ ಹೇಳಿದ ಲೆಕ್ಕ ಅರ್ಜಿಗೆ ತಾಳೆಯಾಗದಿದ್ದರೆ ಅದೇ ವರದಿಯಲ್ಲಿ ಕೂರುತ್ತದೆ. ಬೀಗ ಇದ್ದರೆ 'ಬಾಗಿಲು ಹಾಕಿತ್ತು' ಅಂತ ಬರೆಯುತ್ತಿದ್ದೆವು. ಅದನ್ನು ಓದುವ ಬ್ಯಾಂಕಿನವರಿಗೆ ನೀವು ಸೊಲ್ಲಾಪುರಕ್ಕೆ ಹೋದದ್ದು ಹೇಗೆ ಗೊತ್ತಾಗಬೇಕು?

ಮುಂಚೆಯೇ ಹೇಳಿ ದಿನ ಬದಲಿಸಿದರೆ ತೊಂದರೆ ಕಂಡಿಲ್ಲ. ಆದರೆ ಬರುವವನಿಗೆ ಮಾತ್ರ ಹೇಳಿ ಬಿಡಬೇಡಿ. ಎಷ್ಟೋ ಸಲ ಆತ ಹೊರಗಿನ ಏಜೆನ್ಸಿಯವನು, ಬ್ಯಾಂಕಿಗೆ ತಿಳಿಸುವುದೇ ಇಲ್ಲ. ಶಾಖೆಗೂ ಬರೆದು ಕಳಿಸಿ. ಹೀಗೆ ಬರೆದರೆ ಸಾಕು:

'ಅರ್ಜಿ ಸಂಖ್ಯೆ ಇಂಥದ್ದು. ಗುರುವಾರ ಊರಲ್ಲಿರುವುದಿಲ್ಲ. ಶುಕ್ರವಾರ 11ರಿಂದ 1, ಇಲ್ಲವೇ ಸೋಮವಾರ 4ರ ನಂತರ ಬನ್ನಿ. ನಾನೂ ಸಹ-ಅರ್ಜಿದಾರರೂ ಇರುತ್ತೇವೆ. ಒರಿಜಿನಲ್ ಕಾಗದ ಅಂಗಡಿಯಲ್ಲೇ ಇರುತ್ತವೆ.'

ಒರಿಜಿನಲ್ ತೋರಿಸಿ, ಕೊಡಬೇಡಿ. ಜೆರಾಕ್ಸ್ ಮೇಲೆ ಸಹಿ, ತಾರೀಖು, 'ಸಾಲದ ಪರಿಶೀಲನೆಗೆ ಮಾತ್ರ' ಅಂತ ಬರೆದು ಕೊಡಿ.

ಜಮಖಂಡಿ, ಹಿಟ್ಟಿನ ಗಿರಣಿ: ನನಗೂ ಬದಲಿಸಿಕೊಟ್ಟರು ರೀ. 5ಕ್ಕಿದ್ದದ್ದು 10ಕ್ಕೆ ಆಯಿತು, ಒಂದೇ ಅರ್ಜಿ.

ಇಳಕಲ್, ಸೀರೆ ಅಂಗಡಿ: ಅದು ಕಂತಿನ ತಾರೀಖಲ್ವಾ ಅಣ್ಣಾ? ನನಗಿನ್ನೂ ಸಾಲವೇ ಆಗಿಲ್ಲ!

ಗುಳೇದಗುಡ್ಡ, ಖಣದ ವ್ಯಾಪಾರ: ದಿನಕ್ಕಿಂತ ಕಾಗದ ನೋಡಿಕೊಳ್ಳಿ ಅಕ್ಕಾರೆ ಇಲ್ಲವೇ ಅಣ್ಣಾರೆ, ಯಾರೋ ಗೊತ್ತಾಗಲಿಲ್ಲ. ನಾನು ಎಲ್ಲ ಬಿಟ್ಟು ಅಂಗಡಿಯಲ್ಲೇ ಕೂತಿದ್ದೆ. ಹೆಸ್ಕಾಂ ಬಿಲ್ಲು ತೀರಿಹೋದ ಅಪ್ಪನ ಹೆಸರಲ್ಲಿತ್ತು. ಬೋರ್ಡಿನಲ್ಲಿ ಒಂದು ಹೆಸರು, ಉದ್ಯಮ್ ಸರ್ಟಿಫಿಕೇಟಿನಲ್ಲಿ ಇನ್ನೊಂದು. ವರದಿ ಹಾಗೇ ಹೋಯಿತು. ಪುರಸಭೆಯ ಲೈಸೆನ್ಸು ತೋರಿಸಿ ಮತ್ತೊಮ್ಮೆ ಕರೆಸುವಷ್ಟರಲ್ಲಿ ಹಬ್ಬದ ಸೀಜನ್ನೇ ಮುಗಿದಿತ್ತು.

ಇಳಕಲ್, ಸೀರೆ ಅಂಗಡಿ: ಅಣ್ಣಾರೆ ಅನ್ನಿ. ಹೆಂಡತಿಯೇ ಸಹ-ಅರ್ಜಿದಾರಳು, ಗುರುವಾರವೇ ಅವಳನ್ನು ಕೂರಿಸಿದರೆ ನಡೆಯುತ್ತಾ?

ಬೆಳಗಾವಿ, ಹಿಂದೆ ಇದೇ ಕೆಲಸ ಮಾಡಿದವನು: ಮನೆಗೆ ಬಂದರೆ ಸಾಮಾನ್ಯವಾಗಿ ನಡೆಯುತ್ತದೆ. ಅಂಗಡಿಯಾದರೆ ಅವರಿಗೆ ಖರೀದಿ, ಉದ್ರಿ ಲೆಕ್ಕ ಗೊತ್ತಿರಬೇಕು. ಕೆಲವು ಶಾಖೆಯವರು ಮುಖ್ಯ ಅರ್ಜಿದಾರನೇ ಬೇಕು ಅನ್ನುತ್ತಾರೆ, ಕೇಳಿಕೊಳ್ಳಿ.

ವಿಜಯಪುರ, ಮೊಬೈಲ್ ಅಂಗಡಿ: ಪೆಟ್ರೋಲ್ ಖರ್ಚು ಅಂತ 300 ಕೊಟ್ಟಿದ್ದೆ. ಕೊಡಬೇಕಾ ಅದು?

ಬೆಳಗಾವಿ, ಹಿಂದೆ ಇದೇ ಕೆಲಸ ಮಾಡಿದವನು: ಬೇಡವೇ ಬೇಡ. ದುಡ್ಡು, ಓಟಿಪಿ ಕೇಳಿದರೆ ಶಾಖೆಗೆ ಫೋನ್ ಮಾಡಿ. ಆತ ಕೊಟ್ಟ ನಂಬರಿಗಲ್ಲ, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ.

ಇಳಕಲ್, ಸೀರೆ ಅಂಗಡಿ: ಎರಡೂ ಕಡೆ ಕಳಿಸಿದೆ. ಶಾಖೆಯವರು ಶುಕ್ರವಾರ ಆಗಬಹುದು ಅಂದರು. ಬರುವವರು ಮೆಸೇಜ್ ಇನ್ನೂ ನೋಡಿಲ್ಲ. ಸಂಜೆ ಫೋನ್ ಮಾಡುತ್ತೇನೆ.