ಹೊಸ ಬೆರಳಚ್ಚು ಸೇರಿಸಿದ ಮೇಲೆ ಬ್ಯಾಂಕ್ ಆ್ಯಪ್ ಬೆರಳಿಗೆ ತೆರೆಯುತ್ತಿಲ್ಲ

ಪ್ರಶ್ನೆ: ಅಪ್ಪನ ಆಂಡ್ರಾಯ್ಡ್ ಫೋನಿಗೆ ನನ್ನ ಬೆರಳಚ್ಚನ್ನೂ ಸೇರಿಸಿದೆ. ಫೋನ್ ಇಬ್ಬರ ಬೆರಳಿಗೂ ತೆರೆಯುತ್ತದೆ, ಬ್ಯಾಂಕ್ ಆ್ಯಪ್ ಮಾತ್ರ ಅಪ್ಪನ ಬೆರಳಿಗೂ ತೆರೆಯುತ್ತಿಲ್ಲ. ನನ್ನದನ್ನು ಅಳಿಸಿದರೂ ಹಾಗೆಯೇ ಇದೆ. ಏನು ಮಾಡಲಿ?

ಒಬ್ಬ ಸದಸ್ಯರು: ಸೆನ್ಸರ್ ಮೇಲೆ ಎಣ್ಣೆ, ಧೂಳು ಕೂತಿರಬಹುದು. ಒರೆಸಿ ನೋಡಿ.

ಇನ್ನೊಬ್ಬರು: ಫೋನ್ ತೆರೆಯುತ್ತಿದೆಯಲ್ಲ, ಸೆನ್ಸರ್ ಸರಿಯಿದೆ. ಹೊಸ ಬೆರಳು ಸೇರಿದ್ದೇ ಕಾರಣ. ಆ್ಯಪ್‌ನ ಡೇಟಾ ಅಳಿಸಿ ಮತ್ತೆ ನೋಂದಾಯಿಸಿ.

ಬ್ಯಾಂಕಿಂಗ್ ಆ್ಯಪ್ ಭದ್ರತೆಯಲ್ಲಿ ಕೆಲಸ ಮಾಡುವವರು: ಕಾರಣ ಸರಿ, ಆದರೆ ದಯವಿಟ್ಟು ಡೇಟಾ ಅಳಿಸಬೇಡಿ. ಸಿಮ್‌ನಿಂದ ಎಸ್ಸೆಮ್ಮೆಸ್ ಕಳುಹಿಸಿ ಖಾತೆಯನ್ನು ಫೋನಿಗೆ ಜೋಡಿಸುವ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ.

ಆ್ಯಪ್‌ನ ಬಳಿ ಅಪ್ಪನ ಬೆರಳಚ್ಚು ಇರುವುದಿಲ್ಲ. ಬೆರಳಚ್ಚಿನ ಆಯ್ಕೆಯನ್ನು ಆನ್ ಮಾಡಿದ ದಿನ ಅದು ಫೋನಿನೊಳಗೆ ಒಂದು ಗುಪ್ತ ಕೀಲಿಯನ್ನು ಮಾಡಿಸಿಕೊಂಡಿರುತ್ತದೆ. ಹೊಸ ಬೆರಳು ಸೇರಿದೊಡನೆ ಆಂಡ್ರಾಯ್ಡ್ ಆ ಕೀಲಿಯನ್ನು ಶಾಶ್ವತವಾಗಿ ರದ್ದು ಮಾಡುತ್ತದೆ. ಫೋನಿನ ಪಿನ್ ಕದ್ದವನು ತನ್ನ ಬೆರಳು ಸೇರಿಸಿ ನಿಮ್ಮ ಖಾತೆಗೆ ನುಗ್ಗಬಾರದಲ್ಲ! ಸೇರಿಸಿದ ಬೆರಳನ್ನು ಅಳಿಸಿದರೂ ಸತ್ತ ಕೀಲಿ ಬದುಕುವುದಿಲ್ಲ. ಸ್ಕ್ರೀನ್ ಲಾಕನ್ನೇ ತೆಗೆದು ಮತ್ತೆ ಹಾಕಿದರೂ ಇದೇ ಗತಿ. ಪಿನ್ ಅಂಕಿಗಳನ್ನಷ್ಟೇ ಬದಲಿಸಿದರೆ ಕೀಲಿ ಉಳಿಯುತ್ತದೆ.

ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾರ ಯಾರ ಬೆರಳುಗಳಿವೆ ಎಂದು ನೋಡಿ. ಹೊಸ ಕೀಲಿ ಅಲ್ಲಿರುವ ಎಲ್ಲ ಬೆರಳುಗಳಿಗೂ ಒಪ್ಪಿಕೊಳ್ಳುತ್ತದೆ. ಆಮೇಲೆ ಆ್ಯಪ್ ತೆರೆದು, ಬೆರಳು ಕೇಳಿದಾಗ ರದ್ದು ಮಾಡಿ, ಆ್ಯಪ್‌ನದೇ ಪಿನ್‌ನಿಂದ ಲಾಗಿನ್ ಆಗಿ. ಆ್ಯಪ್‌ನ ಭದ್ರತಾ ಸೆಟ್ಟಿಂಗ್‌ನಲ್ಲಿ ಬೆರಳಚ್ಚನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ. ಪಿನ್ ಅಥವಾ ಒಟಿಪಿ ಕೇಳಿದರೆ ಕೊಟ್ಟು, ಅಪ್ಪನ ಬೆರಳು ಇಡಿಸಿ.

ಕೇಳಿದವರು: ಆದರೆ ಅಲ್ಲಿ ಅದು ಈಗಲೂ ಆನ್ ಎಂದೇ ತೋರಿಸುತ್ತಿದೆ.

ಭದ್ರತೆಯವರು: ಹಲವರು ಎಡವುವುದು ಇಲ್ಲಿಯೇ. ಕೀಲಿ ಹೋದರೂ ಕೆಲವು ಆ್ಯಪ್‌ಗಳು ಆ ಗುಂಡಿಯನ್ನು ಹಾಗೆಯೇ ಬಿಟ್ಟಿರುತ್ತವೆ. ಆಫ್ ಮಾಡಿ ಆನ್ ಮಾಡಿದಾಗಲೇ ಹೊಸ ಕೀಲಿ ಹುಟ್ಟುವುದು.

ಮತ್ತೊಬ್ಬ ಸದಸ್ಯರು: ನನ್ನ ಐಫೋನಿನಲ್ಲಿ ಫೇಸ್ ಐಡಿಗೆ ಇನ್ನೊಂದು ಮುಖ ಸೇರಿಸಿದೆ. ಒಂದು ಆ್ಯಪ್ ನಿಂತಿತು, ಇನ್ನೊಂದು ಏನೂ ಕೇಳದೆ ತೆರೆಯಿತು!

ಭದ್ರತೆಯವರು: ಅಲ್ಲಿ ಆಯ್ಕೆ ಆ್ಯಪ್ ಮಾಡಿದವರದು. ಈಗಿರುವ ಮುಖಗಳಿಗಷ್ಟೇ ಬಿಗಿದರೆ ಬದಲಾವಣೆಯಾದಾಗ ನಿಲ್ಲುತ್ತದೆ. ಬಿಗಿಯದಿದ್ದರೆ ಹೊಸ ಮುಖಕ್ಕೂ ತೆರೆಯುತ್ತದೆ. ಹಣದ ಆ್ಯಪ್ ಹೀಗೆ ತೆರೆದುಕೊಂಡರೆ ನಾನಂತೂ ಅದರಲ್ಲಿ ಫೇಸ್ ಐಡಿ ಆಫ್ ಮಾಡಿ ಪಿನ್ ಬಳಸುತ್ತೇನೆ.

ಕೇಳಿದವರು: ಆಫ್ ಮಾಡಿ ಆನ್ ಮಾಡಿದೆ, ಅಪ್ಪನ ಬೆರಳಿಗೆ ತೆರೆಯಿತು. ಆದರೆ ಮುಖದಿಂದ ತೆರೆಯುವ ಆಯ್ಕೆ ಈ ಆ್ಯಪ್‌ನಲ್ಲಿ ಕಾಣಿಸುವುದೇ ಇಲ್ಲ.

ಭದ್ರತೆಯವರು: ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಬರೀ ಮುಂದಿನ ಕ್ಯಾಮೆರಾದಿಂದ ಮುಖ ಗುರುತಿಸುತ್ತವೆ. ಫೋನ್ ತೆರೆಯಲು ಅದು ಸಾಕು. ಇಂಥ ಕೀಲಿಗೆ ಆಂಡ್ರಾಯ್ಡ್ ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ನಿಮ್ಮದು ಯಾವ ಮಾದರಿ?