ಓದುಗರ ಸ್ಪಂದನ: ‘ಮಕ್ಕಳ ಪ್ಲಾನ್ ಯಾವಾಗ?’ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ

ಕಳೆದ ಸಲ ಮಂಡ್ಯದ 29 ವರ್ಷದ ಓದುಗಿಯೊಬ್ಬರ ಪತ್ರ ಪ್ರಕಟಿಸಿದ್ದೆವು. ಬಿ.ಕಾಂ. ಓದಿದವರು, ನಾಲ್ಕು ವರ್ಷ ಅಕೌಂಟ್ಸ್‌ನಲ್ಲಿ ಅನುಭವ ಇದೆ, ಮದುವೆಯಾಗಿ ಒಂದು ವರ್ಷ. ಮೈಸೂರಿನ ಹೂಟಗಳ್ಳಿ ಕಡೆಯ ಕಂಪನಿಯೊಂದರಲ್ಲಿ ಜಿಎಸ್‌ಟಿ, ಟ್ಯಾಲಿ ಬಗ್ಗೆ ಹತ್ತು ನಿಮಿಷ ಮಾತಾಡಿದವರು, ಆಮೇಲೆ ‘ವಯಸ್ಸು ಇಪ್ಪತ್ತೊಂಬತ್ತು, ಮಕ್ಕಳ ಪ್ಲಾನ್ ಯಾವಾಗ?’ ಅಂತ ಕೇಳಿದರಂತೆ. ಇವರಿಗೆ ಮಾತೇ ಹೊರಡಲಿಲ್ಲ. ಈಗ ಇನ್ನೊಂದು ಕಡೆಯಿಂದ ಕರೆ ಬಂದಿದೆ, ಏನು ಹೇಳಲಿ ಅಂತ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹೆಸರು ಬೇಡ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ನಿವೃತ್ತ ನೌಕರರು, ಸರಸ್ವತಿಪುರಂ, ಮೈಸೂರು

ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದರಾಯ್ತು. ಮದುವೆ, ಮಕ್ಕಳು ಮುಚ್ಚಿಡುವ ವಿಷಯವೇ? ಸಂಬಳ ಕೊಡುವವರಿಗೆ ಕೇಳುವ ಹಕ್ಕಿದೆ.

*ಇದ್ದದ್ದು ಇದ್ದ ಹಾಗೆ ಹೇಳಿದರೆ ಏನಾಗಬಹುದು ಅನ್ನೋದಕ್ಕೆ ಮುಂದಿನ ಪತ್ರ ಓದಿ. ಉದ್ದ ಇದೆ, ಆದರೂ ಕತ್ತರಿಸಲು ಮನಸ್ಸಾಗಲಿಲ್ಲ. -ಸಂ.*

ಓದುಗಿ, ಕಲ್ಲಹಳ್ಳಿ, ಮಂಡ್ಯ

ತಂಗಿ, ನಿನ್ನ ಪತ್ರ ಓದಿ ಎರಡು ದಿನ ನಿದ್ದೆ ಬರಲಿಲ್ಲ. 2018ರ ಜೂನ್‌ನಲ್ಲಿ ನನಗೂ ಇದೇ ಪ್ರಶ್ನೆ ಕೇಳಿದ್ದರು. ನಾನು ಸುಮ್ಮನಿರಲಿಲ್ಲ. ಕೆಲಸ ಬೇಕಿತ್ತು. ‘ಇನ್ನೆರಡು ವರ್ಷ ಮಕ್ಕಳು ಬೇಡ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೀವಿ ಸಾರ್’ ಅಂದೆ. ಅದು ಸುಳ್ಳಾಗಿರಲಿಲ್ಲ. ಆ ದಿನಕ್ಕೆ ನಿಜವೇ. ಕೆಲಸ ಸಿಕ್ತು, ಸಂಬಳ 24,000.

ಜನವರಿಯಲ್ಲಿ ಗೊತ್ತಾಯ್ತು, ನಾನು ಬಸುರಿ. ಮನೆಯಲ್ಲಿ ಅತ್ತೆ ಒಬ್ಬಟ್ಟು ಮಾಡಿದರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮಾತು ಕೊಟ್ಟು ತಪ್ಪಿದ ಹಾಗೆ ಅನ್ನಿಸ್ತಿತ್ತು. ನಾಲ್ಕು ತಿಂಗಳು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ದೊಡ್ಡ ದುಪಟ್ಟಾ ಹೊದ್ದುಕೊಂಡು, ವಾಂತಿ ಬಂದರೆ ಎರಡನೇ ಮಹಡಿಯ ಟಾಯ್ಲೆಟ್‌ಗೆ ಹೋಗುತ್ತಿದ್ದೆ. ಅಲ್ಲಿ ಜನ ಕಡಿಮೆ. ಬೆಳಗಿನ ರೈಲಿನಲ್ಲಿ ಮಂಡ್ಯದಿಂದ ಮೈಸೂರಿನವರೆಗೆ ಎಷ್ಟೋ ದಿನ ನಿಂತೇ ಹೋಗಿದ್ದೀನಿ. ಸೀಟು ಬಿಡಿ ಅಂತ ಕೇಳೋದಕ್ಕೂ ಭಯ, ಆಫೀಸಿನವರು ಯಾರಾದರೂ ಕೇಳಿಸಿಕೊಂಡರೆ ಅಂತ.

ಏಪ್ರಿಲ್ ಕೊನೆಗೆ ಮ್ಯಾನೇಜರ್ ಕರೆದರು. ‘ನೀವೇ ಎರಡು ವರ್ಷ ಅಂದಿದ್ರಲ್ಲಮ್ಮ’ ಅಂದರು. ಗದರಲಿಲ್ಲ. ‘ನೀವೇ ಒಂದು ರಿಸೈನ್ ಲೆಟರ್ ಕೊಟ್ಟುಬಿಡಿ, ಒಳ್ಳೆ ಅನುಭವ ಪತ್ರ ಕೊಡ್ತೀವಿ’ ಅಂದರು. ಅಲ್ಲೇ ಕೂತು ನನ್ನ ಕೈಯಾರೆ ಬರೆದುಕೊಟ್ಟೆ.

ಮಗುವಿಗೆ ಒಂದು ವರ್ಷ ಆದಮೇಲೆ ಒಬ್ಬ ವಕೀಲರು ಹೇಳಿದರು. ಹೆರಿಗೆ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕಂತೆ, 26 ವಾರದ ರಜೆ, ಸಂಬಳದ ಸಮೇತ. ನನಗೆ ಹೆರಿಗೆಗೆ ಕೊಟ್ಟಿದ್ದ ದಿನ ಸೆಪ್ಟೆಂಬರ್. ಹಿಂದಿನ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಲೆಕ್ಕ ಹಾಕಿದರೂ 80ರ ದುಪ್ಪಟ್ಟು ದಿನ ದುಡಿದಿದ್ದೆ. ಆರು ತಿಂಗಳ ಸಂಬಳ ಅಂದರೆ 1,44,000. ಬಸುರಿ ಅಂತ ಅವರೇ ತೆಗೆದುಹಾಕಿದ್ದರೂ ಆ ಹಣ ನನಗೆ ಬರಬೇಕಿತ್ತಂತೆ. ಆದರೆ ಅವರು ತೆಗೆಯಲಿಲ್ಲ, ನಾನೇ ಬಿಟ್ಟೆ. ಕಾಗದದಲ್ಲಿ ಹಾಗೇ ಇದೆ.

ಇಂಟರ್‌ವ್ಯೂನಲ್ಲಿ ಆಡಿದ ಆ ಒಂದು ಮಾತಿಗೆ ಕಾನೂನಿನಲ್ಲಿ ಏನೂ ಬೆಲೆ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅದು ಬಾಂಡ್ ಪೇಪರ್ ಆಗಿತ್ತು. ಅದಕ್ಕೇ ಹೇಳ್ತೀನಿ ತಂಗಿ, ಮಕ್ಕಳ ಬಗ್ಗೆ ವರ್ಷದ ಲೆಕ್ಕ ಯಾರಿಗೂ ಕೊಡಬೇಡ. ನಿಜ ಆದರೂ ಕೊಡಬೇಡ. ಮುಂದೊಂದು ದಿನ ರಿಸೈನ್ ಬರಿ ಅಂದರೆ ಪೆನ್ನು ಮುಟ್ಟಬೇಡ.

*ಹಾಗಾದರೆ ಬಾಯಲ್ಲಿ ಏನು ಹೇಳಬೇಕು? ಮೇಜಿನ ಆ ಕಡೆ ಕೂರುವವರೊಬ್ಬರೇ ಬರೆದಿದ್ದಾರೆ. -ಸಂ.*

ಕಂಪನಿಯೊಂದರ ಎಚ್‌ಆರ್, ವಿಜಯನಗರ, ಮೈಸೂರು

ಹನ್ನೊಂದು ವರ್ಷದಿಂದ ಜನರನ್ನು ಆರಿಸುವ ಕೆಲಸ ಮಾಡುತ್ತಿದ್ದೇನೆ. ಮೊದಲೆಲ್ಲ ನಾನೂ ಈ ಪ್ರಶ್ನೆ ಕೇಳಿದ್ದೇನೆ. ಅದಕ್ಕೆ ನನಗೆ ಬೇಸರ ಇದೆ. ನಮ್ಮ ಶೀಟಿನಲ್ಲಿ ‘ಸ್ಟೆಬಿಲಿಟಿ’ ಅಂತ ಒಂದು ಕಾಲಂ ಇರುತ್ತದೆ, ಐದಕ್ಕೆ ಇಷ್ಟು ಅಂತ ಅಂಕ. ಆ ಕಾಲಂ ತುಂಬೋಕೆ ಸುಲಭದ ದಾರಿ ಅಂತ ಮದುವೆ, ಮಕ್ಕಳು ಕೇಳುತ್ತಿದ್ದೆವು. ನಿಜವಾಗಿ ಬೇಕಿದ್ದದ್ದು ಮೂರೇ: ಎಷ್ಟು ದಿನ ನಿಲ್ತೀರಿ, ತಿಂಗಳ ಕೊನೆಗೆ ಲೇಟಾಗಿ ಕೂರೋಕೆ ಆಗುತ್ತಾ, ಓಡಾಟ ಹೇಗೆ.

ಹಾಗಾಗಿ ಆ ಮೂರಕ್ಕೆ ಉತ್ತರ ಕೊಡಿ. ನೀವು ಮಂಡ್ಯದಿಂದ ಬರುವವರು. ‘ಸಾರ್, ನಾನು ಎಷ್ಟು ದಿನ ಇರ್ತೀನಿ ಅಂತ ಕೇಳ್ತಿದ್ದೀರಿ ಅನ್ಸುತ್ತೆ. ಹಿಂದಿನ ಕಡೆ ನಾಲ್ಕು ವರ್ಷ ಇದ್ದೆ. ರಿಟರ್ನ್ಸ್ ಇರೋ ದಿನ ಎಷ್ಟು ಹೊತ್ತಾದರೂ ಮುಗಿಸಿಯೇ ಹೋಗೋದು, ಅದಕ್ಕೆ ಮನೆಯಲ್ಲಿ ಏರ್ಪಾಡು ಇದೆ’ ಅನ್ನಿ. ಹೇಳಿ ನಿಲ್ಲಿಸಿ. ನಿಲ್ಲಿಸೋದೇ ಕಷ್ಟ. ಎದುರಿನವರು ಸುಮ್ಮನಾದ ಕೂಡಲೇ ತುಂಬ ಜನ ಗಾಬರಿಯಾಗಿ ಗಂಡನ ಕೆಲಸ, ಅತ್ತೆಯ ಆರೋಗ್ಯ ಎಲ್ಲಾ ಹೇಳಿಬಿಡುತ್ತಾರೆ.

ಮತ್ತೆ ಕೇಳಿದರೆ ನಗುಮುಖದಲ್ಲೇ ‘ಅದು ಮನೆ ವಿಷಯ ಸಾರ್, ಕೆಲಸಕ್ಕೆ ಅದರಿಂದ ತೊಂದರೆ ಬರಲ್ಲ’ ಅನ್ನಿ. ಇನ್ನೊಂದು ಮಾತು. ಪಿಎಫ್, ಇನ್ಶೂರೆನ್ಸ್, ಗ್ರಾಚ್ಯುಟಿ ನಾಮಿನಿ ಇದಕ್ಕೆಲ್ಲ ಮನೆಯವರ ವಿವರ ನಮಗೆ ನಿಜವಾಗಿಯೂ ಬೇಕು. ಆದರೆ ಅದು ಬೇಕಾಗೋದು ಕೆಲಸಕ್ಕೆ ಸೇರುವ ದಿನ. ಅರ್ಜಿ ಫಾರಂನಲ್ಲೇ ಆ ಕಾಲಂ ಇದ್ದರೆ ‘ಸೇರುವಾಗ ಕೊಡುತ್ತೇನೆ’ ಅಂತ ಬರೆಯಿರಿ. ಸೇರಿದ ಮೇಲಿನ ಫಾರಂನಲ್ಲಿ ಮಾತ್ರ ಸುಳ್ಳು ಬೇಡ. ಮದುವೆಯಾಗಿಲ್ಲ ಅಂತ ಬರೆದರೆ ನಾಮಿನಿ, ಕ್ಲೇಮು ಎಲ್ಲಾ ಗೋಜಲಾಗುತ್ತೆ.

ಇಷ್ಟೆಲ್ಲ ಹೇಳಿದರೂ ಕೆಲವರು ನಿಮ್ಮನ್ನು ಬಿಟ್ಟುಬಿಡಬಹುದು. ಅದನ್ನು ತಪ್ಪಿಸುವ ಉತ್ತರ ನನ್ನ ಹತ್ತಿರ ಇಲ್ಲ.

ವಕೀಲರು, ಮಂಡ್ಯ

ಕೇಳುವ ಹಕ್ಕಿದೆ ಎನ್ನುವವರಿಗೆ ಎರಡು ಮಾತು. ನಮ್ಮ ಪಕ್ಕದ ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆಸಿಕೊಂಡಿದ್ದರು. 1979ರಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು. 1991ರಲ್ಲಿ ನೀರಾ ಮಾಥುರ್ ಪ್ರಕರಣ ಬಂತು. ಮುಟ್ಟು, ಬಸಿರಿನ ವಿವರ ಕೇಳುವ ಕಾಲಂಗಳನ್ನು ನೇಮಕಾತಿ ಫಾರಂನಿಂದ ತೆಗೆಯಿರಿ ಅಂತ ಎಲ್‌ಐಸಿಗೆ ಕೋರ್ಟ್ ಹೇಳಿತು.

ಆದರೆ ಇವೆರಡೂ ಸರ್ಕಾರದ ಕಡೆಯ ಕೆಲಸಗಳು. ಖಾಸಗಿ ಕಂಪನಿ ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಕೇಳಲೇಬಾರದು ಅಂತ ನೇರವಾಗಿ ಹೇಳುವ ಕಾನೂನು ನಮ್ಮಲ್ಲಿಲ್ಲ. ಹೆಣ್ಣು ಅನ್ನೋ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡಬಾರದು ಅನ್ನೋದು ಮಾತ್ರ ಕಾನೂನು. ಮೊದಲು 1976ರ ಸಮಾನ ವೇತನ ಕಾಯ್ದೆಯಲ್ಲಿತ್ತು, ಈಗ ವೇತನ ಸಂಹಿತೆಯಲ್ಲಿದೆ. ಕಷ್ಟ ಇರೋದು ರುಜುವಾತಿನಲ್ಲಿ. ಕೇಳಿದ ದಿನವೇ ಯಾರು, ಎಷ್ಟು ಗಂಟೆಗೆ, ಯಾವ ಮಾತಿನಲ್ಲಿ ಕೇಳಿದರು ಅಂತ ಬರೆದಿಡಿ. ಮೆಸೇಜ್ ಕಳಿಸಿದ್ದರೆ ಅಳಿಸಬೇಡಿ.

ಓದುಗ, 47 ವರ್ಷ, ನಂಜನಗೂಡು ರಸ್ತೆ, ಮೈಸೂರು

ನನ್ನನ್ನು ಕೇಳಿದ್ದು ವಯಸ್ಸು. ‘ಮೂವತ್ತು ವರ್ಷದ ಹುಡುಗನ ಕೈಕೆಳಗೆ ಕೆಲಸ ಮಾಡ್ತೀರಾ?’ ಅಂದರು. ಜನ್ಮದಿನಾಂಕ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ಇದೆ, ಮುಚ್ಚಿಡೋಕೆ ಆಗಲ್ಲ. ‘ಹೋದ ಕಂಪನಿಯಲ್ಲಿ ಕೊನೆಯ ಮೂರು ವರ್ಷ ಹಾಗೇ ಮಾಡಿದ್ದೀನಿ, ಅವರ ನಂಬರ್ ಕೊಡ್ತೀನಿ’ ಅಂದೆ. ಅಲ್ಲೇ ಫೋನ್ ಮಾಡಿ ವಿಚಾರಿಸಿದರು.

ಓದುಗಿ, ಮದ್ದೂರು

ಅಂಥಾ ಕಂಪನಿಯೇ ಬೇಡ. ಎದ್ದು ಬನ್ನಿ.

*ಕೈಯಲ್ಲಿ ಇನ್ನೊಂದು ಕೆಲಸ ಇದ್ದರೆ ಹಾಗೆ ಎದ್ದು ಬರಬಹುದು. ನಮ್ಮ ಓದುಗಿಗೆ ಸದ್ಯ ಅದಿಲ್ಲ. ಕೊನೆಯದಾಗಿ ಒಂದು ಪುಟ್ಟ ಪತ್ರ. -ಸಂ.*

ಓದುಗ, ಕುವೆಂಪುನಗರ, ಮೈಸೂರು

ನಾನು, ನನ್ನ ಹೆಂಡತಿ ಒಂದೇ ವಾರದಲ್ಲಿ ಒಂದೇ ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆವು. ಇಬ್ಬರಿಗೂ ಒಬ್ಬರೇ ಕೇಳಿದ್ದು. ಮದುವೆಯಾಗಿದೆ ಅಂತ ನಾನು ಹೇಳಿದಾಗ ‘ಒಳ್ಳೇದು, ಜವಾಬ್ದಾರಿ ಇರುತ್ತೆ, ನಿಲ್ತೀರಿ’ ಅಂದರು. ಅವಳು ಹೇಳಿದಾಗ ‘ಹಾಗಾದ್ರೆ ಮಗು ಯಾವಾಗ?’ ಅಂದರು. ಅವಳು ಮನೆಗೆ ಬಂದು ಇದನ್ನು ಹೇಳುವವರೆಗೂ ನನ್ನನ್ನು ಕೇಳಿದ್ದು ಕೂಡ ಅದೇ ಪ್ರಶ್ನೆ ಅಂತ ನನಗೆ ಹೊಳೆದಿರಲಿಲ್ಲ.